ಪ್ರಾಯೋಜಕತ್ವ ಕೋರಿಕೆ ಪತ್ರ (ವಿದ್ಯಾರ್ಥಿಗಳ ಗ್ರಾಮೀಣ ನೀರು ತಪಾಸಣೆ)

ಹಳ್ಳಿಗಳ ಕುಡಿಯುವ ನೀರನ್ನು ಪರೀಕ್ಷಿಸುವ ವಿದ್ಯಾರ್ಥಿ ತಂಡವೊಂದು, ಅದರ ಖರ್ಚಿನ ಒಂದು ಪಾಲು ಕೇಳಿ ಊರಿನ ಅಂಗಡಿ ಮಾಲೀಕರಿಗೋ ಸಣ್ಣ ಉದ್ಯಮಿಗೋ ಬರೆಯುವ ಪತ್ರವಿದು. ಇದನ್ನು ಓದುವವರು ಲೆಕ್ಕ ಬಲ್ಲ ವ್ಯಾಪಾರಿಗಳು. ಆದ್ದರಿಂದ ಪೀಠಿಕೆಗಿಂತ ಖರ್ಚಿನ ಪಟ್ಟಿಯೇ ಪತ್ರದ ಜೀವ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿನ ಅಂತರ್ಜಲದ ಫ್ಲೋರೈಡ್ ಬರುವುದು ಬಂಡೆಯಿಂದ. ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಪತ್ರದ ಮೊದಲ ಪ್ಯಾರಾಕ್ಕೆ ಇಷ್ಟು ಸಾಕು. ಮುಂದಿನದು ಕೆಲಸದ ವಿವರ. ಅದನ್ನು ಹೀಗೆ ಬರೆಯಬಹುದು:

“ಮಾನ್ಯರೇ, ನಮ್ಮ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು ಸುತ್ತಲಿನ ಹಳ್ಳಿಗಳ 20 ಕೊಳವೆಬಾವಿಗಳ ನೀರನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಪರೀಕ್ಷಿಸಲಿದ್ದೇವೆ. ಒಟ್ಟು ಖರ್ಚು ರೂ. 10,260. ಇದರಲ್ಲಿ ರೂ. 1,840 ಕಾಲೇಜೇ ಭರಿಸುತ್ತದೆ. ಉಳಿದ ರೂ. 8,420ಕ್ಕೆ ತಮ್ಮ ನೆರವು ಕೋರುತ್ತೇವೆ.”

ಈ ಮೊತ್ತದ ಲೆಕ್ಕ ಹೀಗೆ. ನೂರು ಪರೀಕ್ಷೆಯ ಫ್ಲೋರೈಡ್ ಕಿಟ್‌ಗೆ 3,500, ಪ್ರಯೋಗಾಲಯದಲ್ಲಿ ಆರು ಮಾದರಿಗಳ ಮರುಪರೀಕ್ಷೆಗೆ 3,000. ದಿನಕ್ಕೆ ಐದು ಬಾವಿಯಂತೆ ಎಂಟು ದಿನ, ನಾಲ್ವರಿಗೆ ತಲಾ 60 ರೂಪಾಯಿ ಬಸ್ ಚಾರ್ಜು ಹಿಡಿದರೆ 1,920. ಟಿಡಿಎಸ್ ಮೀಟರಿಗೆ 1,200, ಪ್ಲಾಸ್ಟಿಕ್ ಬಾಟಲಿ ಮತ್ತು ಚೀಟಿಗಳಿಗೆ 640. ಈ ಕೊನೆಯ ಎರಡೂ ಕಾಲೇಜಿನ ಪಾಲು. ಇಲ್ಲಿರುವ ದರಗಳು ಮಾದರಿಗಾಗಿ ಮಾತ್ರ. ನಿಜವಾದ ಪತ್ರಕ್ಕೆ ಅಂಗಡಿಯ ಕೊಟೇಶನ್ ಲಗತ್ತಿಸಬೇಕು. ಮೊತ್ತವನ್ನು ಹತ್ತು ಸಾವಿರಕ್ಕೆ ದುಂಡಗೆ ಮಾಡುವ ಚಪಲ ಬೇಡ. ಅಂದಾಜಿನ ವಾಸನೆ ವ್ಯಾಪಾರಿಯ ಮೂಗಿಗೆ ಬೇಗ ತಾಗುತ್ತದೆ.

ಮಾಲೀಕರು ಬೆರಳಿಡುವುದು ಸಾಮಾನ್ಯವಾಗಿ ಎರಡನೆಯ ಬಾಬ್ತಿನ ಮೇಲೆ. ಕಿಟ್ ಇರುವಾಗ ಲ್ಯಾಬಿಗೆ ಮತ್ತೆ ದುಡ್ಡೇಕೆ? ಉತ್ತರ ಪತ್ರದಲ್ಲೇ ಇರಬೇಕು. ಕಿಟ್‌ನಲ್ಲಿ ನೀರಿಗೆ ದ್ರಾವಣ ಹಾಕಿ, ಮೂಡಿದ ಬಣ್ಣವನ್ನು ಅಚ್ಚಿನ ಪಟ್ಟಿಯ ಪಕ್ಕ ಹಿಡಿದು ಕಣ್ಣಿಂದಲೇ ಹೋಲಿಸುತ್ತಾರೆ. 1ಕ್ಕೂ 1.5ಕ್ಕೂ ನಡುವಿನ ಬಣ್ಣದ ಅಂತರ ಕಡಿಮೆ. ಕ್ಲೋರಿನ್ ಇದ್ದರೂ ಕ್ಷಾರ ಹೆಚ್ಚಿದ್ದರೂ ಬಣ್ಣ ದಾರಿ ತಪ್ಪಿಸುತ್ತದೆ. ಒಂದೇ ಬಾಟಲಿಯ ನೀರನ್ನು ಇಬ್ಬರು ಬೇರೆಬೇರೆಯಾಗಿ ಓದಿ, ಉತ್ತರ ಹೊಂದದಿದ್ದರೆ ಆ ಮಾದರಿ ಲ್ಯಾಬಿಗೆ ಹೋಗಬೇಕು. ಹಣ ಕಡಿಮೆ ಸಿಕ್ಕರೆ ಬಾವಿಗಳ ಸಂಖ್ಯೆ ಇಳಿಸಬಹುದು, ಈ ಬಾಬ್ತನ್ನು ಕೈಬಿಡಬಾರದು. ಟಿಡಿಎಸ್ ಮೀಟರ್ ಇದಕ್ಕೆ ಬದಲಿಯಲ್ಲ. ಅದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆ, ಫ್ಲೋರೈಡ್ ಎಷ್ಟೆಂದು ಹೇಳಲಾರದು. ಬಾಟಲಿ ಗಾಜಿನದಾಗಿರದೆ ಪ್ಲಾಸ್ಟಿಕ್‌ನದೇ ಆಗಿರುವುದಕ್ಕೂ ಕಾರಣವುಂಟು: ಫ್ಲೋರೈಡ್ ಗಾಜಿನೊಡನೆ ವರ್ತಿಸುತ್ತದೆ.

ಪ್ರತಿಫಲದ ಭಾಗದಲ್ಲಿ ಕೊಡಲಾಗುವುದನ್ನಷ್ಟೇ ಬರೆಯಬೇಕು. ಪಂಚಾಯಿತಿಯಲ್ಲಿ ತೂಗುಹಾಕುವ ಫಲಿತಾಂಶ ಫಲಕದ ಕೆಳಗೆ ದಾನಿಯ ಹೆಸರು, ವರದಿಯ ಒಂದು ಪ್ರತಿ, ಮಾಲೀಕರ ಸ್ವಂತ ಬೋರ್‌ವೆಲ್ ನೀರಿನ ಪರೀಕ್ಷೆ. ಮೂರನೆಯದರ ಖರ್ಚು ಒಂದು ಚಮಚ ದ್ರಾವಣದಷ್ಟೂ ಇಲ್ಲ, ಮಾಲೀಕರ ಮನಸ್ಸಿಗೆ ಹಿಡಿಸುವುದು ಮಾತ್ರ ಅದೇ. ಫಲಕದಲ್ಲಿ ಬರೀ ಕೃತಜ್ಞತೆಯಿದ್ದರೆ ಅದು ದಾನ. ಅಂಗಡಿಯ ಸರಕಿನ ಜಾಹೀರಾತು ಸೇರಿದರೆ ಜಿಎಸ್‌ಟಿಯ ಪ್ರಶ್ನೆ ಏಳಬಹುದು. ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿಯ ಆಸೆ ತೋರಿಸುವ ಮುನ್ನ ಹಣ ಪಡೆಯುವ ಸಂಸ್ಥೆಗೆ ಆ ಮಾನ್ಯತೆ ಇದೆಯೇ ನೋಡಬೇಕು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆ ವಿನಾಯಿತಿಯಿಲ್ಲ. ದೊಡ್ಡ ಕಂಪನಿಗಳ ಪತ್ರದಿಂದ ‘ಸಿಎಸ್‌ಆರ್’ ಎಂಬ ಪದ ನಕಲಾಗಿ ಬರುವುದೂ ಉಂಟು. 2013ರ ಕಂಪನಿ ಕಾಯ್ದೆಯ ಆ ಹೊಣೆ ದೊಡ್ಡ ಕಂಪನಿಗಳಿಗೆ ಸೇರಿದ್ದು, ಹಾರ್ಡ್‌ವೇರ್ ಅಂಗಡಿಗೆ ಅಂಟುವುದಿಲ್ಲ.

ಯಾರನ್ನು ಕೇಳಬೇಕೆನ್ನುವುದು ಸೂಕ್ಷ್ಮದ ಪ್ರಶ್ನೆ. ಕ್ಯಾನ್ ನೀರು ಮಾರುವವರು ಹಣ ಕೊಟ್ಟ ತಂಡ ಊರ ಬಾವಿಯ ನೀರು ಕೆಟ್ಟಿದೆ ಎಂದರೆ ನಂಬುವವರು ಯಾರು? ಹಾಗಾಗಿ ನೀರಿನ ವ್ಯಾಪಾರದಿಂದ ದೂರವಿರುವ ಬಟ್ಟೆ ಅಂಗಡಿ, ಅಕ್ಕಿ ಗಿರಣಿಗಳೇ ಮೇಲು. ಯಾರೇ ಕೊಡಲಿ, ಪತ್ರದಲ್ಲಿ ಈ ಸಾಲು ಇರಬೇಕು: “ಫಲಿತಾಂಶ ಏನೇ ಬಂದರೂ ಹಾಗೆಯೇ ಪ್ರಕಟಿಸುತ್ತೇವೆ, ಪ್ರಕಟಣೆಗೆ ಮುನ್ನ ಯಾರ ಒಪ್ಪಿಗೆಯನ್ನೂ ಪಡೆಯುವುದಿಲ್ಲ.” ಇದನ್ನು ಓದಿ ಹಿಂದೆ ಸರಿಯುವ ದಾನಿ ಮೊದಲೇ ಸರಿದದ್ದು ಲೇಸು.

ಪತ್ರ ಕಾಲೇಜಿನ ಲೆಟರ್‌ಹೆಡ್‌ನಲ್ಲಿದ್ದು, ಪ್ರಾಂಶುಪಾಲರ ಸಹಿ ಮತ್ತು ಮೊಹರು ಹೊಂದಿರಬೇಕು. ಚೆಕ್ಕಾಗಲಿ ಯುಪಿಐ ಆಗಲಿ, ಹಣ ಸಂಸ್ಥೆಯ ಖಾತೆಗೇ ಸೇರಬೇಕು. ವಿದ್ಯಾರ್ಥಿಯ ಫೋನ್ ನಂಬರಿಗಲ್ಲ. ಅಂಚೆಗೆ ಹಾಕುವುದಕ್ಕಿಂತ ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತು ಅಂಗಡಿಗೆ ಹೋಗಿ ಕೊಡುವುದೇ ವಾಡಿಕೆ. ಮೊದಲ ಸುತ್ತು ಮುಗಿದ ಹದಿನೈದು ದಿನದೊಳಗೆ ಬಿಲ್ಲುಗಳ ನಕಲು ಅದೇ ಅಂಗಡಿಗೆ ತಲುಪುತ್ತದೆಂದು ಪತ್ರದ ಕೊನೆಯ ಸಾಲಿನಲ್ಲಿ ತಾರೀಖು ಸಹಿತ ಬರೆದಿರುತ್ತಾರೆ.