ಅಕ್ಷರ ಟ್ರ್ಯಾಕಿಂಗ್ ಮತ್ತು ವ್ಯಕ್ತಿ ಮಾಸ್ಕಿಂಗ್

ವಿಡಿಯೋ ಎಡಿಟಿಂಗಿನಲ್ಲಿ ಬರಹವೊಂದನ್ನು ಚಲಿಸುವ ವಸ್ತುವಿಗೆ ಅಂಟಿಸಿ, ಅದು ಹೋದಲ್ಲೆಲ್ಲ ಬರಹವೂ ಹೋಗುವಂತೆ ಮಾಡುವುದು ಟ್ರ್ಯಾಕಿಂಗ್. ದೃಶ್ಯದಲ್ಲಿರುವ ವ್ಯಕ್ತಿಯನ್ನು ಹಿನ್ನೆಲೆಯಿಂದ ಬಿಡಿಸಿ ಬೇರೆ ಪದರವಾಗಿ ಎತ್ತಿಕೊಳ್ಳುವುದು ಮಾಸ್ಕಿಂಗ್. ಎರಡೂ ಕೂಡಿದಾಗ ಅಕ್ಷರಗಳು ವ್ಯಕ್ತಿಯ ಬೆನ್ನ ಹಿಂದೆ ನಿಂತಂತೆ ಕಾಣುತ್ತವೆ: ತಳದಲ್ಲಿ ಮೂಲ ದೃಶ್ಯ, ಅದರ ಮೇಲೆ ಅಕ್ಷರ, ಎಲ್ಲಕ್ಕೂ ಮೇಲೆ ಅದೇ ದೃಶ್ಯದಿಂದ ಕತ್ತರಿಸಿದ ವ್ಯಕ್ತಿ. ಮಾಸ್ಕಿಂಗ್ ಸಿನಿಮಾದಷ್ಟೇ ಹಳೆಯದು. ಇಂದಿನ ಟ್ರ್ಯಾಕಿಂಗ್ ಕಂಪ್ಯೂಟರಿನ ಕೂಸು.

ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1898ರಲ್ಲೇ ತನ್ನ ತಲೆಯನ್ನು ಕಿತ್ತು ಮೇಜಿನ ಮೇಲಿಡುವ ಚಿತ್ರ ತೆಗೆದಿದ್ದ. ಅದರ ಉಪಾಯ ಸರಳ: ಕಪ್ಪು ಬಟ್ಟೆ ಇದ್ದ ಜಾಗದಲ್ಲಿ ಫಿಲ್ಮಿಗೆ ಬೆಳಕು ತಾಗುವುದಿಲ್ಲ. ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಆ ಜಾಗದಲ್ಲಿ ಮತ್ತೊಂದು ಚಿತ್ರ ಹಿಡಿಯಬಹುದು. ದ್ವಿಪಾತ್ರದ ಹಳೆಯ ದೃಶ್ಯಗಳಿಗೂ ಇದೇ ಮೂಲ. ಲೆನ್ಸಿನ ಒಂದು ಅರ್ಧ ಮುಚ್ಚಿ ಒಮ್ಮೆ, ಇನ್ನೊಂದು ಅರ್ಧ ಮುಚ್ಚಿ ಮತ್ತೊಮ್ಮೆ ಚಿತ್ರೀಕರಿಸುವುದು. 1977ರ ‘ಬಬ್ರುವಾಹನ’ದಲ್ಲಿ ರಾಜ್‌ಕುಮಾರ್ ತಂದೆಯಾಗಿಯೂ ಮಗನಾಗಿಯೂ ಎದುರುಬದುರು ನಿಂತದ್ದನ್ನು ಕಂಡ ಪೀಳಿಗೆಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅರ್ಧ ಮುಚ್ಚುವ ವಿಧಾನದ ಕಟ್ಟಳೆ ಎರಡು: ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು, ನಟ ನಡುಗೆರೆ ದಾಟಬಾರದು. ಅಂಥ ದೃಶ್ಯದಲ್ಲಿ ಇಬ್ಬರ ನಡುವೆ ಕಂಬವೋ ಬಾಗಿಲ ಚೌಕಟ್ಟೋ ಇದ್ದರೆ, ಗೆರೆ ಅಲ್ಲೇ ಅಡಗಿದೆ ಎಂದು ಊಹಿಸಬಹುದು.

ಗೆರೆ ದಾಟುವ ವ್ಯಕ್ತಿಯನ್ನು ಬಿಡಿಸಲು ಎರಡು ದಾರಿಗಳು ಹುಟ್ಟಿದವು. ಒಂದು, ಕೈಯಿಂದ ಬರೆಯುವುದು. ಅಮೆರಿಕದ ಮ್ಯಾಕ್ಸ್ ಫ್ಲೈಷರ್ 1917ರಲ್ಲಿ ಪೇಟೆಂಟ್ ಪಡೆದ ರೋಟೋಸ್ಕೋಪ್, ಫಿಲ್ಮಿನ ಒಂದೊಂದೇ ಫ್ರೇಮನ್ನು ಗಾಜಿನ ಮೇಲೆ ಬಿಟ್ಟು ಅಂಚನ್ನು ತಿದ್ದಲು ಅನುವು ಮಾಡಿಕೊಟ್ಟಿತು. ಆತನಿಗೆ ಬೇಕಿದ್ದದ್ದು ಕಾರ್ಟೂನ್. ಮುಂದೆ ಮಾಸ್ಕ್ ಬರೆಯುವವರಿಗೂ ಅದು ಒದಗಿತು. ಇಂದಿಗೂ ಎಡಿಟರುಗಳ ಬಾಯಲ್ಲಿ ಇದು ‘ರೋಟೊ’. ಸೆಕೆಂಡಿಗೆ 24 ಫ್ರೇಮಿನಂತೆ ಒಂದು ನಿಮಿಷಕ್ಕೆ 1,440 ಅಂಚುಗಳು! ಇನ್ನೊಂದು, ಬಣ್ಣದ ಪರದೆ. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ ಲ್ಯಾರಿ ಬಟ್ಲರ್ ನೀಲಿ ಪರದೆ ಬಳಸಿದ. ಡಿಜಿಟಲ್ ಕ್ಯಾಮೆರಾ ಹಸಿರನ್ನು ಹೆಚ್ಚು ಸ್ಪಷ್ಟವಾಗಿ ಹಿಡಿಯುವುದರಿಂದ ಈಗ ಹೆಚ್ಚಾಗಿ ಹಸಿರು. ನಮ್ಮ ಸೆಟ್ಟುಗಳಲ್ಲಿ ಅದರ ಹೆಸರು ‘ಗ್ರೀನ್ ಮ್ಯಾಟ್’. ಅದರ ಮುಂದೆ ಮದುಮಗಳನ್ನು ನಿಲ್ಲಿಸಿದರೆ ಹಸಿರು ಬಳೆಯಿದ್ದ ಕಡೆ ಕೈಯೇ ತುಂಡಾದಂತೆ ಕಾಣುತ್ತದೆ.

ಟ್ರ್ಯಾಕಿಂಗಿನ ಗಣಿತಕ್ಕೆ ಅಡಿಪಾಯ ಬಿದ್ದದ್ದು 1981ರಲ್ಲಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬ್ರೂಸ್ ಲೂಕಸ್ ಮತ್ತು ತಕೆಯೊ ಕನಾಡೆ ಒಂದು ಫ್ರೇಮಿನ ಸಣ್ಣ ತುಣುಕು ಮುಂದಿನ ಫ್ರೇಮಿನಲ್ಲಿ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುವ ವಿಧಾನ ಕೊಟ್ಟರು. ಎಂಥ ತುಣುಕು ನಂಬಿಕೆಗೆ ಅರ್ಹ ಎಂಬುದನ್ನು ಜಿಯಾನ್ಬೊ ಶಿ ಮತ್ತು ಕಾರ್ಲೊ ತೊಮಾಸಿ 1994ರಲ್ಲಿ ವಿವರಿಸಿದರು. ಸಾರಾಂಶ ಇಷ್ಟೆ: ಬರೀ ಗೆರೆ ಸಾಲದು, ಮೂಲೆ ಬೇಕು.

ಇದನ್ನು ವಿಶಾಖಪಟ್ಟಣದ ಕಡಲತಡಿಯಲ್ಲಿ ಕಣ್ಣಾರೆ ನೋಡಬಹುದು. ರಾಮಕೃಷ್ಣ ಬೀಚಿನ ಮರಳಿನಲ್ಲಿ 2002ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಕುರ್ಸುರ ಜಲಾಂತರ್ಗಾಮಿಯ ಉದ್ದ ಸುಮಾರು 91 ಮೀಟರ್. ಅದರ ಮುಂದೆ ಗೆಳತಿ ನಡೆದುಹೋಗುತ್ತಿದ್ದಾಳೆ, ನೀವು ಮೊಬೈಲ್ ಕೈಯಲ್ಲಿ ಹಿಡಿದು ಜೊತೆಗೆ ಸರಿಯುತ್ತಿದ್ದೀರಿ, ಊರಿನ ಹೆಸರು ಅವಳ ಹಿಂದೆ ಹಡಗಿನ ಮೇಲೆ ಬರೆದಂತೆ ಕಾಣಬೇಕು ಎಂದುಕೊಳ್ಳಿ. ಟ್ರ್ಯಾಕ್ ಬಿಂದುವನ್ನು ಒಡಲಿನ ಉದ್ದನೆಯ ಕಪ್ಪು ಅಂಚಿನ ನಡುವೆ ಇಟ್ಟರೆ ಅಕ್ಷರ ಮೇಲೆ ಕೆಳಗೆ ಸರಿಯಾಗಿ ನಿಲ್ಲುತ್ತದೆ, ಅಡ್ಡಕ್ಕೆ ಮಾತ್ರ ಜಾರುತ್ತದೆ. ಆ ಅಂಚು ಅಲ್ಲಿಂದಿಲ್ಲಿಗೆ ಒಂದೇ ತೆರ. ಎಷ್ಟು ಸರಿಯಿತೆಂದು ಹೇಳಲು ಗುರುತೇ ಇಲ್ಲ. ಬಿಂದುವನ್ನು ಮೇಲಿನ ಗೋಪುರದ ಮೂಲೆಗೆ ಒಯ್ದರೆ ಜಾರುವಿಕೆ ನಿಲ್ಲುತ್ತದೆ. ಅಲೆಗೂ ಮೋಡಕ್ಕೂ ಕಟ್ಟುವ ಹಾಗಿಲ್ಲ, ಅವು ತಾವೇ ರೂಪ ಬದಲಿಸುತ್ತವೆ. ಹತ್ತಿರದ ದೀಪದ ಕಂಬಕ್ಕೆ ಕಟ್ಟಿದರೆ ಇನ್ನೊಂದು ಕಾಟ: ನೀವು ಪಕ್ಕಕ್ಕೆ ಸರಿದಂತೆ ಹತ್ತಿರದ ವಸ್ತು ಬೇಗ ಓಡುತ್ತದೆ, ದೂರದ್ದು ನಿಧಾನ, ಹಡಗಿನ ಮೇಲಿರಬೇಕಾದ ಅಕ್ಷರ ಕಂಬದ ಜೊತೆ ಓಡಿಬಿಡುತ್ತದೆ.

ವಿಜಯವಾಡದಲ್ಲಿ ತೊಡಕು ಬೇರೆ. ಕೃಷ್ಣಾ ನದಿಯ ಪ್ರಕಾಶಂ ಬ್ಯಾರೇಜಿಗೆ 70 ಗೇಟುಗಳು, ಒಂದರ ಪಡಿಯಚ್ಚು ಇನ್ನೊಂದು. ಮೂಲೆಗಳಿಗೇನೂ ಬರವಿಲ್ಲ, ಆದರೆ ಎಲ್ಲವೂ ಒಂದೇ ಥರ. ಕ್ಯಾಮೆರಾ ಜೋರಾಗಿ ತಿರುಗಿದರೆ ಟ್ರ್ಯಾಕರ್ ಈ ಗೇಟನ್ನು ಬಿಟ್ಟು ಪಕ್ಕದ ಗೇಟನ್ನು ಹಿಡಿದುಕೊಳ್ಳುತ್ತದೆ. ಅಕ್ಷರ ಜಾರಿದರೆ ಬಿಂದು ಗೆರೆಯ ಮೇಲಿದೆ, ಒಮ್ಮೆಲೆ ಹಾರಿದರೆ ತದ್ರೂಪಿಯನ್ನು ಹಿಡಿದಿದೆ ಎಂದು ಶಂಕಿಸಬೇಕು. ಹಾರಿದಾಗ ಮದ್ದು ಸುಲಭ: ಹುಡುಕುವ ಚೌಕವನ್ನು ಒಂದು ಗೇಟಿನ ಅಗಲಕ್ಕಿಂತ ಕಿರಿದು ಮಾಡುವುದು, ಇಲ್ಲವೇ ಬ್ಯಾರೇಜನ್ನು ಬಿಟ್ಟು ಹಿಂದಿನ ಬೆಟ್ಟಕ್ಕೆ ಕಟ್ಟುವುದು.

ಟ್ರ್ಯಾಕಿಂಗೂ ಮಾಸ್ಕಿಂಗೂ ನೇರಪ್ರಸಾರದಲ್ಲಿ ಕೂಡಿ ಕೆಲಸ ಮಾಡಿದ್ದಕ್ಕೆ ಒಂದು ಉದಾಹರಣೆ 27 ಸೆಪ್ಟೆಂಬರ್ 1998ರ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಟಿವಿಯಲ್ಲಿ ಮಾತ್ರ ಕಾಣುವ ಹಳದಿ ಗೆರೆ ಮೈದಾನಕ್ಕೆ ಬಳಿದಂತಿತ್ತು. ಆಟಗಾರರು ಅದರ ಮೇಲೆ ಓಡಿದರೆ ಗೆರೆ ಅವರ ಕಾಲಡಿಗೆ ಹೋಗುತ್ತಿತ್ತು. ಕ್ಯಾಮೆರಾ ಎಷ್ಟು ತಿರುಗಿತೆಂದು ಸೆನ್ಸರುಗಳು ಹೇಳುತ್ತಿದ್ದವು; ಯಾವುದು ಹುಲ್ಲು, ಯಾವುದು ಆಟಗಾರ ಎಂಬುದನ್ನು ಬಣ್ಣ ನೋಡಿ ತೀರ್ಮಾನಿಸಲಾಗುತ್ತಿತ್ತು. ಅಂದರೆ ಇಡೀ ಮೈದಾನವೇ ಗ್ರೀನ್ ಮ್ಯಾಟ್.

ಕನ್ನಡದಲ್ಲಿ ಈ ಕೆಲಸದ ಕಠಿಣ ರೂಪ ಕಂಡದ್ದು 2016ರ ‘ನಾಗರಹಾವು’ ಚಿತ್ರದಲ್ಲಿ. 2009ರ ಡಿಸೆಂಬರ್ 30ರಂದು ತೀರಿಕೊಂಡ ವಿಷ್ಣುವರ್ಧನ್ ಅವರ ಮುಖವನ್ನು ಬೇರೆ ನಟನ ದೇಹದ ಮೇಲೆ ಡಿಜಿಟಲ್ ಆಗಿ ಕೂರಿಸಲಾಯಿತು. ನಿರ್ದೇಶನ ಕೋಡಿ ರಾಮಕೃಷ್ಣ ಅವರದು. ಗ್ರಾಫಿಕ್ಸ್ ಮಕುಟ ಸಂಸ್ಥೆಯದು. ಅಕ್ಷರಕ್ಕೆ ಒಂದೆರಡು ಬಿಂದು ಸಾಕು. ತಲೆಗೆ ಕುತ್ತಿಗೆ ಎಲ್ಲಿದೆ ಎಂಬುದರ ಜೊತೆಗೆ ಯಾವ ಕಡೆ ವಾಲಿದೆ, ಎಷ್ಟು ತಿರುಗಿದೆ ಎಂಬುದೂ ಪ್ರತಿ ಫ್ರೇಮಿನಲ್ಲಿ ಬೇಕು. ಕೊರಳಪಟ್ಟಿಯ ಬಳಿ ಒಂದು ಪಿಕ್ಸೆಲ್ ಅಲುಗಿದರೂ ಪ್ರೇಕ್ಷಕನ ಕಣ್ಣು ಅಲ್ಲಿಗೇ ಹೋಗುತ್ತದೆ.

2010ರಲ್ಲಿ ಆಫ್ಟರ್ ಎಫೆಕ್ಟ್ಸ್ ತಂತ್ರಾಂಶಕ್ಕೆ ರೋಟೊ ಬ್ರಷ್ ಬಂತು. ಒಂದು ಫ್ರೇಮಿನಲ್ಲಿ ವ್ಯಕ್ತಿಯ ಮೇಲೆ ಗೀರೆಳೆದರೆ ಅಂಚನ್ನು ಅದೇ ಹುಡುಕಿ ಮುಂದಿನ ಫ್ರೇಮುಗಳಿಗೆ ಒಯ್ಯುತ್ತದೆ. ಈಗ ಒಂದೇ ಒತ್ತಿಗೆ ಹಿನ್ನೆಲೆ ತೆಗೆಯುವ ಮೊಬೈಲ್ ಆ್ಯಪುಗಳೂ ಇವೆ. ಆದರೂ ಕಡಲ ಗಾಳಿಗೆ ಹಾರುವ ಕೂದಲು ಬಗ್ಗಿಲ್ಲ. ಒಂದೆಳೆ ಕೂದಲು ಪಿಕ್ಸೆಲಿಗಿಂತ ತೆಳು. ಆ ಪಿಕ್ಸೆಲಿನಲ್ಲಿ ಅರ್ಧ ಕೂದಲು, ಅರ್ಧ ಆಕಾಶ. ಪೂರ್ತಿ ಇಟ್ಟುಕೊಂಡರೆ ತಲೆಯ ಸುತ್ತ ಬಿಳಿ ಅಂಚು, ಪೂರ್ತಿ ಬಿಟ್ಟರೆ ಕತ್ತರಿಯಾಡಿಸಿದ ತಲೆ. ಹಳಬರು ಇದಕ್ಕೆ ಒಂದು ಸಣ್ಣ ಉಪಾಯ ಮಾಡುತ್ತಾರೆ: ಅಕ್ಷರವನ್ನು ಕೂದಲ ಹಿಂದೆ ಇಡುವುದೇ ಇಲ್ಲ, ಭುಜದ ಹಿಂದೆ ಇಡುತ್ತಾರೆ.

ಮುಗಿದ ಕೆಲಸವನ್ನು ಪರೀಕ್ಷಿಸಲು ಮೊದಲ ಫ್ರೇಮನ್ನೂ ಕೊನೆಯ ಫ್ರೇಮನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹಿಂದಿನ ಫ್ರೇಮಿಗಷ್ಟೇ ಹೋಲಿಸುತ್ತ ಸಾಗುವ ಟ್ರ್ಯಾಕರ್ ಪ್ರತಿ ಸಲ ಒಂದೇ ದಿಕ್ಕಿಗೆ ಪಿಕ್ಸೆಲಿನ ಹತ್ತರಲ್ಲೊಂದು ಪಾಲು ತಪ್ಪಿದರೂ, 25 ಫ್ರೇಮಿನ ಲೆಕ್ಕದ ಐದು ಸೆಕೆಂಡಿನ ದೃಶ್ಯ ಮುಗಿಯುವಾಗ ಅಕ್ಷರ ಹನ್ನೆರಡು ಪಿಕ್ಸೆಲ್ ಆಚೆ ನಿಂತಿರುತ್ತದೆ.