ಹಿಮ್ಮಡಿ ನೋವು (ಪ್ಲಾಂಟಾರ್ ಫೇಸಿಯೈಟಿಸ್): ಚಿಕಿತ್ಸೆಯ ಇತಿಹಾಸ

ಹಿಮ್ಮಡಿ ಮೂಳೆಯಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ತಂತುಪಟ್ಟಿ ಹಬ್ಬಿದೆ. ಅದು ಮೂಳೆಗೆ ಅಂಟಿಕೊಂಡಿರುವ ಜಾಗದಲ್ಲಿ ಸವೆದಾಗ, ಬೆಳಿಗ್ಗೆ ಹಾಸಿಗೆ ಬಿಟ್ಟು ಇಡುವ ಮೊದಲ ಹೆಜ್ಜೆಗಳು ಚುಚ್ಚುತ್ತವೆ. ನಾಲ್ಕು ಹೆಜ್ಜೆ ನಡೆದ ಮೇಲೆ ನೋವು ಇಳಿಯುತ್ತದೆ. ಎಕ್ಸ್‌ರೇ ಬಳಕೆಗೆ ಬಂದ ಹೊಸದರಲ್ಲಿ ವೈದ್ಯರು ಹಿಮ್ಮಡಿಯಡಿ ಬೆಳೆದ ಮೂಳೆಯ ಮುಳ್ಳನ್ನೇ ಇದಕ್ಕೆ ಹೊಣೆ ಮಾಡಿದರು, ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆದದ್ದೂ ಉಂಟು. ನೋವೇ ಇಲ್ಲದ ಎಷ್ಟೋ ಜನರಲ್ಲೂ ಅಂಥದೇ ಮುಳ್ಳು ಕಂಡದ್ದರಿಂದ ಆ ವಾದ ಸೊರಗಿತು. ಮುಂದೆ ಉರಿಯೂತದ ವಾದ ಬಂತು. ವಿಶ್ರಾಂತಿ, ಐಸ್, ಸ್ಟೀರಾಯ್ಡ್ ಚುಚ್ಚುಮದ್ದು ಅದರ ಫಲ. 2003ರಲ್ಲಿ ಅಮೆರಿಕದ ಹಾರ್ವೆ ಲೆಮಾಂಟ್ ಮತ್ತು ಸಂಗಡಿಗರು 50 ಶಸ್ತ್ರಚಿಕಿತ್ಸೆಗಳ ಅಂಗಾಂಶವನ್ನು ಪರಿಶೀಲಿಸಿದಾಗ ಕಂಡದ್ದು ಉರಿಯೂತವಲ್ಲ, ಶಿಥಿಲಗೊಂಡ ತಂತು. ಅವು ದೀರ್ಘಕಾಲ ನರಳಿದವರ ಮಾದರಿಗಳು, ಆರಂಭದ ಹಂತದ ಬಗ್ಗೆ ಏನನ್ನೂ ಹೇಳಲಾರವು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ತಿಂಗಳುಗಟ್ಟಲೆ ಕಾಡುವ ನೋವಿಗೆ ಬರೀ ವಿಶ್ರಾಂತಿ ಸಾಲದೇಕೆ ಎಂಬುದನ್ನು ಅವು ವಿವರಿಸುತ್ತವೆ: ಶಿಥಿಲವಾದ ತಂತು ಗಟ್ಟಿಯಾಗಲು ಅದರ ಮೇಲೆ ಅಳತೆಯ ಭಾರ ಬೀಳಬೇಕು.

ಆ ಭಾರ ಹಾಕುವ ದಾರಿಯ ಸುಳಿವು 1954ರಲ್ಲೇ ಇತ್ತು. ಕಾಲ್ಬೆರಳು ಮೇಲಕ್ಕೆ ಬಾಗಿದಾಗ ಪಟ್ಟಿ ಬಿಗಿದು ಪಾದದ ಕಮಾನು ಏರುತ್ತದೆಂದು ಜೆ. ಎಚ್. ಹಿಕ್ಸ್ ಆಗ ತೋರಿಸಿದ್ದರು. 2015ರಲ್ಲಿ ಡೆನ್ಮಾರ್ಕಿನ ಮೈಕೆಲ್ ರಾಥ್ಲೆಫ್ ತಂಡ ಇದನ್ನೇ ವ್ಯಾಯಾಮವಾಗಿಸಿತು. ಮೆಟ್ಟಿಲ ಅಂಚಿನಲ್ಲಿ, ಬೆರಳುಗಳಡಿ ಸುತ್ತಿದ ಟವೆಲ್ ಇಟ್ಟು, ಒಂಟಿ ಕಾಲಲ್ಲಿ 3 ಸೆಕೆಂಡು ಹಿಮ್ಮಡಿ ಎತ್ತುವುದು, 2 ಸೆಕೆಂಡು ನಿಲ್ಲುವುದು, 3 ಸೆಕೆಂಡು ಇಳಿಸುವುದು. ಮೀನಖಂಡ ದಣಿದು ಇನ್ನೊಮ್ಮೆ ಎತ್ತಲಾಗದಷ್ಟು ಭಾರದಲ್ಲಿ 12 ಸಲ, ದಿನ ಬಿಟ್ಟು ದಿನ. ಬಲ ಬಂದಂತೆ ಬೆನ್ನುಚೀಲಕ್ಕೆ ಪುಸ್ತಕ ತುಂಬಿ ಸಲಗಳನ್ನು 8ಕ್ಕೆ ಇಳಿಸುವುದು. 3 ತಿಂಗಳಲ್ಲಿ ಈ ಗುಂಪು ಬರೀ ಎಳೆತದ ವ್ಯಾಯಾಮ ಮಾಡಿದವರಿಗಿಂತ ಮೇಲಿತ್ತು, 12 ತಿಂಗಳ ಹೊತ್ತಿಗೆ ವ್ಯತ್ಯಾಸ ಉಳಿಯಲಿಲ್ಲ. ಹಾಗಾದರೆ ಇಷ್ಟು ಶ್ರಮವೇಕೆ ಎಂದು ಕೇಳಬಹುದು. ಪ್ರತಿ ಬೆಳಗೂ ಕುಂಟುವವರಿಗೆ ಬೇಗ ಸಿಗುವ ಉಪಶಮನ ಸಣ್ಣದಲ್ಲ ಎಂಬುದೇ ಉತ್ತರ.

ಓಟಗಾರರಿಗೆ ವಾರದ ದೂರವೂ ಇದೇ ಭಾರದ ಲೆಕ್ಕಕ್ಕೆ ಸೇರುತ್ತದೆ. ವಾರಕ್ಕೆ ಶೇ. 10ಕ್ಕಿಂತ ಹೆಚ್ಚಿಸಬಾರದೆಂಬ ರೂಢಿಯ ಸೂತ್ರ 2008ರಲ್ಲಿ ನೆದರ್‌ಲ್ಯಾಂಡ್ಸ್‌ನ ಹೊಸ ಓಟಗಾರರ ಮೇಲಿನ ಪ್ರಯೋಗದಲ್ಲಿ ಗಾಯಗಳನ್ನು ತಗ್ಗಿಸಲಿಲ್ಲ. ಆದ್ದರಿಂದ ಸೂತ್ರಕ್ಕಿಂತ ಮರುದಿನದ ಮೊದಲ ಹೆಜ್ಜೆಯನ್ನು ನಂಬುವುದು ಮೇಲು. ವಾರಕ್ಕೆ 40 ಕಿ.ಮೀ. ಓಡುವವರಿಗೆ ಬೆಳಗಿನ ನೋವು ಹತ್ತರಲ್ಲಿ 6 ಇದ್ದರೆ, ಏರು ಮತ್ತು ವೇಗದ ಓಟ ಬಿಟ್ಟು 24 ಕಿ.ಮೀ.ಗೆ ಇಳಿಯುವುದು ಒಳ್ಳೆಯ ಆರಂಭ. ನೋವು 3ಕ್ಕೆ ಇಳಿದು ಎರಡು ವಾರ ಅಲ್ಲೇ ನಿಂತರೆ 27ಕ್ಕೆ ಏರಬಹುದು. ಮರುಬೆಳಿಗ್ಗೆ 5 ಆದರೆ ಹಿಂದಿನ ದೂರಕ್ಕೆ ಮರಳಬೇಕು. ನಡೆದಷ್ಟೂ ಹೆಚ್ಚುವ ನೋವು, ಹಿಮ್ಮಡಿಯನ್ನು ಎರಡೂ ಬದಿಯಿಂದ ಒತ್ತಿದಾಗ ಆಗುವ ತೀವ್ರ ನೋವು ಮೂಳೆ ಬಿರುಕಿನ ಸೂಚನೆ ಆಗಿರಬಹುದು. ಜೋಮು ನರದ ತೊಂದರೆಯ ಗುರುತಿರಬಹುದು. ಅಲ್ಲಿ ಈ ಲೆಕ್ಕಾಚಾರ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.