ಉಡುಪು ಬದಲಾಗಲಿ, ಮುಖ ಹಾಗೇ ಇರಲಿ: ಇನ್‌ಪೇಂಟಿಂಗ್ ನಡೆದುಬಂದ ದಾರಿ

2000ನೇ ಇಸವಿಯಲ್ಲಿ ಬರ್ತಾಲ್ಮಿಯೊ ಮತ್ತು ಸಂಗಡಿಗರು ಡಿಜಿಟಲ್ ಇನ್‌ಪೇಂಟಿಂಗ್‌ಗೆ ಹೆಸರು ಕೊಟ್ಟಾಗ, ಹಳೆಯ ಫೋಟೊದ ಗೀರು ಮುಚ್ಚಲು ಸುತ್ತಲಿನ ಗೆರೆಗಳನ್ನೇ ಒಳಕ್ಕೆ ಎಳೆಯುತ್ತಿದ್ದರು. 2004ರಲ್ಲಿ ಕ್ರಿಮಿನಿಸಿ ಮತ್ತು ಜೊತೆಗಾರರ ವಿಧಾನ ಅದೇ ಚಿತ್ರದ ಬೇರೆ ಕಡೆಯಿಂದ ತುಣುಕು ತಂದು ಹಚ್ಚಿತು. ಚಿತ್ರದಲ್ಲಿ ಇಲ್ಲದ ಬಟ್ಟೆಯನ್ನು ತೊಡಿಸಲು ಎರಡಕ್ಕೂ ಆಗುತ್ತಿರಲಿಲ್ಲ. 2021ರ ಎಸ್‌ಡಿ‌ಎಡಿಟ್ ಚಿತ್ರಕ್ಕೆ ನಾಯ್ಸ್ ಬೆರೆಸಿ ಮತ್ತೆ ತೆಗೆಯುವ ದಾರಿ ತೋರಿಸಿತು. 2022ರ ಆಗಸ್ಟ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ಬಂದ ಮೇಲೆ ಅದು ಎಲ್ಲರ ಕೈಗೂ ಸಿಕ್ಕಿತು. ಬೆರೆಸುವ ನಾಯ್ಸ್ ಎಷ್ಟು ಎಂಬುದೇ ಡಿನಾಯ್ಸಿಂಗ್ ಸ್ಟ್ರೆಂತ್. ಮುಖ ಕೆಟ್ಟರೆ ಬಹುತೇಕರು ಮೊದಲು ಇಳಿಸುವುದು ಇದನ್ನೇ. ನನ್ನ ಮಟ್ಟಿಗೆ ಅದು ತಪ್ಪು ಜಾಗದಲ್ಲಿ ಕೈಯಾಡಿಸಿದಂತೆ: ಸ್ಟ್ರೆಂತ್ ಬಟ್ಟೆಯ ವಿಷಯ, ಮುಖದ ಕ್ಷೇಮ ಇರುವುದು ಮಾಸ್ಕ್‌ನ ಅಂಚಿನಲ್ಲಿ.

ಕಾಲರ್ ಇರುವ ಅಂಗಿ ತೊಟ್ಟವರ 512×768ರ ಫೋಟೊ ಒಂದಿದೆ, ಅವರ ಒಪ್ಪಿಗೆಯಿಂದಲೇ ಅದಕ್ಕೆ ಇಳಕಲ್ ಸೀರೆ ಉಡಿಸಬೇಕು ಎಂದುಕೊಳ್ಳಿ. ಸ್ಟ್ರೆಂತ್ 0.4 ಇದ್ದರೆ ಬಣ್ಣ ಬದಲಾದೀತು, ಕಾಲರ್‌ನ ಆಕಾರ ಹೋಗದು. ಸೆರಗು ಮೂಡುವಷ್ಟು ನಾಯ್ಸೇ ಅಲ್ಲಿರುವುದಿಲ್ಲ. 0.75ರಿಂದ 0.9ರವರೆಗೆ ಏರಿಸಿದರೆ ಹೆಗಲ ಮೇಲೆ ಸೆರಗು ಕೂರುತ್ತದೆ. ಇನ್ನೂ ಏರಿಸಿದರೆ ಸಾಮಾನ್ಯ ಮಾಡೆಲ್ ದೇಹದ ಭಂಗಿಯನ್ನೇ ಮರೆಯುತ್ತದೆ. ಮಾಸ್ಕನ್ನೂ ಉಳಿದ ಚಿತ್ರವನ್ನೂ ಪ್ರತ್ಯೇಕವಾಗಿ ಓದುವಂತೆ ತರಬೇತಾದ ಇನ್‌ಪೇಂಟಿಂಗ್ ಮಾಡೆಲ್ ಅಲ್ಲೂ ತಾಳಿಕೊಳ್ಳುತ್ತದೆ. ಮಾಸ್ಕ್ ಬ್ಲರ್‌ನ ಲೆಕ್ಕ ಬೇರೆ. ಆಟೊಮ್ಯಾಟಿಕ್1111ರಲ್ಲಿ ಅದರ ಮೂಲ ಬೆಲೆ 4, ಆದರೆ ಮಸುಕು ಅಂಚಿನಾಚೆ ಸುಮಾರು ಎರಡೂವರೆ ಪಟ್ಟು, ಎಂದರೆ 10 ಪಿಕ್ಸೆಲ್ ಹರಡುತ್ತದೆ. ಗಲ್ಲದಿಂದ 12 ಪಿಕ್ಸೆಲ್ ಕೆಳಗೆ ಮಾಸ್ಕ್ ನಿಂತಿದ್ದರೆ 4ರಲ್ಲಿ ಮುಖ ಸುರಕ್ಷಿತ. 16 ಇಟ್ಟರೆ ಮಸುಕು 40 ಪಿಕ್ಸೆಲ್ ಏರಿ ಗಲ್ಲವನ್ನು ದಾಟಿ ತುಟಿಯ ಕಡೆಗೂ ಚಾಚಬಹುದು. ಅಂಚು ಕತ್ತರಿಸಿದಂತೆ ಕಂಡಾಗ ಬ್ಲರ್ ಏರಿಸಿ, ಆದರೆ ಮಾಸ್ಕನ್ನು ಕೊರಳ ಬುಡಕ್ಕೆ ಇಳಿಸಿದ ಮೇಲೆ ಮಾತ್ರ.

ಮಾಸ್ಕೇ ಬೇಡ, 0.3ರಲ್ಲಿ ಇಡೀ ಚಿತ್ರವನ್ನು ಹಾಯಿಸಿದರೆ ಬೆಳಕು ಹೊಂದಿಕೊಳ್ಳುತ್ತದಲ್ಲ ಎನ್ನುವವರಿದ್ದಾರೆ. ಬೆಳಕೇನೋ ಹೊಂದೀತು, ಮುಖ ಉಳಿಯದು. ಮಾಡೆಲ್ ಕೆಲಸ ಮಾಡುವುದು ಪ್ರತಿ ಬದಿಯನ್ನೂ ಎಂಟನೇ ಒಂದಕ್ಕೆ ಇಳಿಸಿದ ರೂಪದಲ್ಲಿ. 80 ಪಿಕ್ಸೆಲ್ ಅಗಲದ ಮುಖಕ್ಕೆ ಅಲ್ಲಿ ಅಡ್ಡಕ್ಕೆ ಹತ್ತೇ ಚೌಕ. ನಾಯ್ಸ್ ಬೆರೆಸದೆ ಹೋಗಿ ಬಂದರೂ ಕಣ್ಣಿನ ಸೂಕ್ಷ್ಮಗಳು ಅಲುಗುತ್ತವೆ. ಆದ್ದರಿಂದಲೇ ಕೊನೆಯಲ್ಲಿ ಮಾಸ್ಕ್‌ನ ಹೊರಗೆ ಮೂಲ ಪಿಕ್ಸೆಲ್‌ಗಳನ್ನು ಮರಳಿ ಹಚ್ಚುವುದು ಅನಿವಾರ್ಯ. ಮುಖ ಮುಟ್ಟದಿದ್ದರೆ ತಲೆ ಅಂಟಿಸಿದಂತೆ ಕಾಣುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಕಾರಣ ಹಲವು ಬಾರಿ ಬೇರೆಯೇ: ‘Only masked’ ಆಯ್ಕೆಯಲ್ಲಿ ಪ್ಯಾಡಿಂಗ್‌ನ ಮೂಲ ಬೆಲೆ 32, ಮಾಸ್ಕ್‌ನ ಸುತ್ತ ಕಿರಿದಾದ ಜಾಗ ಮಾತ್ರ ಮಾಡೆಲ್‌ಗೆ ಕಾಣುತ್ತದೆ, ಮುಖದ ಮೇಲಿನ ಬೆಳಕು ಅದರ ಕಣ್ಣಿಗೇ ಬೀಳುವುದಿಲ್ಲ. ಪ್ಯಾಡಿಂಗ್ ಹೆಚ್ಚಿಸಿ ಅಥವಾ ‘Whole picture’ ಆರಿಸಿ. ನೋಡುವುದಕ್ಕೆ ಮುಖ ಸಿಗಲಿ, ಬದಲಿಸುವುದಕ್ಕೆ ಬೇಡ. ಮುಗಿದ ಮೇಲೆ ಹಳೆಯ ಮತ್ತು ಹೊಸ ಚಿತ್ರವನ್ನು ಗಿಂಪ್‌ನಲ್ಲಿ ಒಂದರ ಮೇಲೊಂದಿಟ್ಟು ಡಿಫರೆನ್ಸ್ ಮೋಡ್‌ನಲ್ಲಿ ನೋಡಿ: ಮುಖದ ಜಾಗ ಪೂರ್ತಿ ಕಪ್ಪಾಗಿರಬೇಕು. ಗಲ್ಲದ ಬಳಿ ಬೂದು ಕಂಡರೆ ಸ್ಟ್ರೆಂತ್ ಮುಟ್ಟಬೇಡಿ, ಮಾಸ್ಕನ್ನು ಕೆಳಗಿಳಿಸಿ.